‘ಆದಷ್ಟು ಬೇಗ’ ಎಂದರೆ ಯಾವತ್ತು?

ಪ್ರಶ್ನೆ: ಆನ್‌ಲೈನಿನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ಸೀರೆ ಕೆಟ್ಟು ಬಂದಿದೆ ಎಂದು ಗ್ರಾಹಕರೊಬ್ಬರು ಸಿಟ್ಟಿನಲ್ಲಿ ಬರೆದಿದ್ದಾರೆ. ಹೇಗೆ ಉತ್ತರಿಸಲಿ? ತಾರೀಖು ಕೊಟ್ಟರೆ ನಾವೇ ಸಿಕ್ಕಿಬೀಳುತ್ತೇವಲ್ಲ?

ಉತ್ತರ: ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಭಯ. ಭಯದ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಉತ್ತರವನ್ನೇ ಬರೆದು ತೋರಿಸುತ್ತೇನೆ. ದೂರು ಬಂದದ್ದು ಸೋಮವಾರ, 9ನೇ ತಾರೀಖು ಎಂದಿಟ್ಟುಕೊಳ್ಳಿ.

“ನಮಸ್ಕಾರ ಮೇಡಂ. ಫೋಟೋ ನೋಡಿದೆವು. ಮೈಗೂ ಸೆರಗಿಗೂ ಕೂಡುವಲ್ಲಿ ನಾಲ್ಕು ಬೆರಳಷ್ಟು ಕೊಂಡಿ ಬಿಟ್ಟಿದೆ. ಕಳಿಸುವ ಮುಂಚೆ ಬಿಚ್ಚಿ ನೋಡಬೇಕಿತ್ತು, ನೋಡಿಲ್ಲ. ಕ್ಷಮಿಸಿ. 22ಕ್ಕೆ ಗೃಹಪ್ರವೇಶ, ಬ್ಲೌಸ್ ಹೊಲಿಯಲು ಕೊಡುವುದೂ ನಿಂತಿದೆ ಎಂದಿದ್ದೀರಿ. ಅದೇ ಬಣ್ಣದ ಇನ್ನೊಂದು ಸೀರೆ ನಮ್ಮಲ್ಲಿದೆ. ಇಂದು ರಾತ್ರಿ 8ರೊಳಗೆ ಹೂಂ ಅಂದರೆ ನಾಳೆ ಮಂಗಳವಾರ ಕಳಿಸಿ, ಸಂಜೆ 6ರೊಳಗೆ ಟ್ರ್ಯಾಕಿಂಗ್ ನಂಬರ್ ಕೊಡುತ್ತೇವೆ. ಶನಿವಾರ 14ರೊಳಗೆ ಸೀರೆ ಕೈಸೇರಬೇಕು. ಹಣವೇ ಬೇಕೆಂದರೆ ಅದನ್ನೂ ನಾಳೆಯೇ ವಾಪಸ್ ಹಾಕುತ್ತೇವೆ. ಕಾರ್ಡಿನಲ್ಲಿ ಕಟ್ಟಿದ್ದೀರಿ, ಹಾಗಾಗಿ ಶುಕ್ರವಾರ 20ರೊಳಗೆ ಕಾಣಬೇಕು. ಹಳೇ ಸೀರೆ ಒಯ್ಯಲು ಬುಧವಾರಕ್ಕೆ ಕೊರಿಯರ್ ಬುಕ್ ಮಾಡುತ್ತೇವೆ, ಖರ್ಚು ನಮ್ಮದು.” ಕೆಳಗೆ ಬರೆದವರ ಹೆಸರು, ಫೋನ್ ನಂಬರ್. ‘ಕಸ್ಟಮರ್ ಕೇರ್ ತಂಡ’ ಅಂತ ಬೇಡ.

ಸಹಾನುಭೂತಿ ಇಲ್ಲಿ ಎಲ್ಲಿದೆ ಎಂದು ಹುಡುಕಿ. ‘ಕ್ಷಮಿಸಿ’ ಒಂದೇ ಸಲ ಬಂದಿದೆ. ಕೆಲಸ ಮಾಡಿರುವುದು ಬ್ಲೌಸಿನ ಮಾತು. ‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಸಾಲನ್ನು ಕರೆಂಟ್ ಹೋದಾಗಲೂ ಹಾಕಬಹುದು, ಬಸ್ಸು ತಡವಾದಾಗಲೂ ಹಾಕಬಹುದು. ಅವರು ಬರೆದದ್ದರಲ್ಲಿ ಅವರಿಗೆ ನಿಜವಾಗಿ ಚುಚ್ಚಿದ್ದು ಯಾವುದೋ ಅದನ್ನೇ ಎತ್ತಿ ಹೇಳಿದರೆ, ದೂರನ್ನು ಪೂರ್ತಿ ಓದಿದ್ದೀರಿ ಎಂದು ತಾನಾಗಿ ಗೊತ್ತಾಗುತ್ತದೆ.

ಈಗ ಆ ಭಯ. ‘ಆದಷ್ಟು ಬೇಗ ಅಂದರೆ ಸೇಫ್, ತಾರೀಖು ಕೊಟ್ಟರೆ ಅಪಾಯ’ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ನಿಮ್ಮ ಮನಸ್ಸಿನಲ್ಲಿ ‘ಬೇಗ’ ಎಂದರೆ ಹತ್ತು ದಿನ, ಅವರ ಮನಸ್ಸಿನಲ್ಲಿ ನಾಳೆ. ನಾಡಿದ್ದಿಗೆ ‘ಏನಾಯ್ತು?’ ಎಂಬ ಮೆಸೇಜ್, ಆಮೇಲೆ ಫೋನ್, ಆಮೇಲೆ ಒಂದು ಸ್ಟಾರ್. ನೀವು ಹೇಳಿದ ಕೆಲಸ ಹೇಳಿದಂತೆ ನಡೆಯುತ್ತಿದ್ದರೂ ಅವರ ಲೆಕ್ಕದಲ್ಲಿ ನೀವು ಆಗಲೇ ತಪ್ಪಿಸಿಕೊಂಡವರು. ತಾರೀಖು ಇದ್ದರೆ ಆ ದಿನದವರೆಗೆ ನಿಮಗೆ ಉಸಿರಾಡಲು ಜಾಗ ಸಿಗುತ್ತದೆ. ಅದೂ ಅಲ್ಲದೆ, ಬರೆಯದಿದ್ದರೆ ಗಡುವೇ ಇರುವುದಿಲ್ಲ ಅಂದುಕೊಂಡರೆ ತಪ್ಪು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಸಿಕ್ಕಿಬೀಳುವುದು ತಾರೀಖಿನಿಂದ ಅಲ್ಲ, ಲೆಕ್ಕ ಹಾಕದೆ ಕೊಟ್ಟ ತಾರೀಖಿನಿಂದ. ಮೇಲಿನ 20 ಎಲ್ಲಿಂದ ಬಂತು ನೋಡಿ. ಕಾರ್ಡಿಗೆ ಹಣ ಮರಳಲು ಸಾಮಾನ್ಯವಾಗಿ ಐದರಿಂದ ಏಳು ಕೆಲಸದ ದಿನ. 10ರಂದು ಹಾಕಿದರೆ ಎಣಿಕೆ 11ರಿಂದ. 14 ಎರಡನೇ ಶನಿವಾರ, ಬ್ಯಾಂಕಿಗೆ ರಜೆ; 15 ಭಾನುವಾರ. ಏಳನೇ ದಿನ 19ಕ್ಕೆ ಬೀಳುತ್ತದೆ, ಅದರ ಮೇಲೊಂದು ದಿನ ಕೈಯಲ್ಲಿಟ್ಟುಕೊಂಡರೆ 20. ಐದು ದಿನದ ಲೆಕ್ಕ ಹಿಡಿದು ‘17ಕ್ಕೆ ಬರುತ್ತೆ’ ಅಂದವರೇ ಮುಂದೆ ಬೈಸಿಕೊಳ್ಳುವುದು. ಇನ್ನೊಂದು ಸೂಕ್ಷ್ಮ: ‘ಹಾಕುತ್ತೇವೆ’, ‘ಕೊಡುತ್ತೇವೆ’ ಎಂದಿರುವುದು ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಮಾತ್ರ; ಬ್ಯಾಂಕು, ಕೊರಿಯರ್‌ನ ಪಾಲಿಗೆ ‘ಕಾಣಬೇಕು’, ‘ಕೈಸೇರಬೇಕು’. ಹಣ ಹಾಕಿದ ಮೇಲೆ ಪೇಮೆಂಟ್ ಗೇಟ್‌ವೇ ಕೊಡುವ 23 ಅಂಕಿಯ ಎಆರ್‌ಎನ್ ನಂಬರನ್ನು ಕಳಿಸಿಬಿಡಿ. ಹಣ ಕಾಣದಿದ್ದರೆ ಅವರು ಅದನ್ನೇ ತೋರಿಸಿ ತಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು. ‘ನಮ್ಮ ಕಡೆಯಿಂದ ಆಗಿದೆ’ ಎಂದಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಇಷ್ಟಾಗಿಯೂ ತಾರೀಖು ತಪ್ಪುವಂತಿದ್ದರೆ ಹಿಂದಿನ ದಿನವೇ ಬರೆಯಿರಿ: ಪಾರ್ಸೆಲ್ ಎಲ್ಲಿ ನಿಂತಿದೆ, ಹೊಸ ತಾರೀಖು ಯಾವುದು. ಅವರು ಕೇಳಿದ ಮೇಲೆ ಹೇಳಿದರೆ ಅದೇ ಮಾತು ನೆಪವಾಗುತ್ತದೆ.

ನೀವು ಕೇಳಲಿಲ್ಲ, ಆದರೆ ಮುಂದಿನದು ಇದೇ: ಅವರು ರಿವ್ಯೂನಲ್ಲಿ ಬಹಿರಂಗವಾಗಿ ಬರೆದಿದ್ದರೆ? ಇದೇ ಉತ್ತರವನ್ನು ಅಲ್ಲಿ ಅಂಟಿಸಬೇಡಿ. ಅವರ ಆರ್ಡರ್ ನಂಬರ್, ಫೋನ್, ಮನೆಯ ಸಮಾರಂಭ ಯಾವುದೂ ಊರಿಗೆಲ್ಲ ಕಾಣಬಾರದು. ‘ಕೊಂಡಿ ಬಿಟ್ಟಿದ್ದು ನಮ್ಮ ತಪ್ಪು. ಬದಲಿ ಸೀರೆ ಅಥವಾ ಹಣ, ಎರಡರ ತಾರೀಖನ್ನೂ ಈಗಷ್ಟೇ ನಿಮಗೆ ಮೆಸೇಜ್ ಮಾಡಿದ್ದೇವೆ’ ಎಂದರೆ ಸಾಕು. ಮೆಸೇಜ್ ಮೊದಲು ಕಳಿಸಿ, ಆಮೇಲೆ ಇದನ್ನು ಹಾಕಿ. ಸಮಸ್ಯೆ ಮುಗಿದ ದಿನವೇ ‘ರಿವ್ಯೂ ತೆಗೆಯಿರಿ’ ಎಂದು ಗೋಗರೆಯುವುದಂತೂ ಬೇಡವೇ ಬೇಡ.