ಕೆರೆಯಲ್ಲಿ ಮೀನು ಸತ್ತಾಗ: ಪ್ರಯೋಗಾಲಯದ ವರದಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂಥ ಸುದ್ದಿ ನಗರದ ಒಂದಲ್ಲ ಒಂದು ಕೆರೆಯಿಂದ ಈಗಲೂ ಬರುತ್ತಿರುತ್ತದೆ. ವರದಿಗಾರ ದಡ ತಲುಪುವಷ್ಟರಲ್ಲಿ ಅಲ್ಲಿದ್ದವರು ಕಾರಣವನ್ನೂ ತೀರ್ಮಾನಿಸಿರುತ್ತಾರೆ: ಪಕ್ಕದ ಕಾರ್ಖಾನೆ, ಅಪಾರ್ಟ್‌ಮೆಂಟ್‌ನ ಕೊಳಚೆ ನೀರು, ಇಲ್ಲವೇ ಯಾರೋ ಹಾಕಿದ ವಿಷ. ಮೂರೂ ನಿಜವಿರಬಹುದು. ಆದರೆ ಪ್ರಯೋಗಾಲಯದ ವರದಿ ಮೀನು ಹೇಗೆ ಸತ್ತಿತು ಎಂಬುದಕ್ಕೆ ಸುಳಿವು ಕೊಡುತ್ತದೆಯೇ ಹೊರತು ಯಾರಿಂದ ಸತ್ತಿತು ಎಂದು ಹೇಳುವುದಿಲ್ಲ. ಸುದ್ದಿ ಎಡವುವುದು ಈ ಎರಡನ್ನು ಬೆರೆಸಿದಾಗ.

ಅಂದಾಜಿಗಾಗಿ ಒಂದು ವರದಿಯನ್ನು ಕಲ್ಪಿಸಿಕೊಳ್ಳೋಣ. ಕರಗಿದ ಆಮ್ಲಜನಕ ಲೀಟರ್‌ಗೆ 1.8 ಮಿಲಿಗ್ರಾಂ, ಒಟ್ಟು ಅಮೋನಿಯಾ ಸಾರಜನಕ 5 ಮಿಲಿಗ್ರಾಂ, ಪಿಎಚ್ 7.2. ಹೋಲಿಕೆಗೆ ಬೇಕಾದದ್ದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಡಿ' ದರ್ಜೆಯ ಮಾನದಂಡ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ ಇರಬೇಕು, ಮುಕ್ತ ಅಮೋನಿಯಾ 1.2 ಮೀರಬಾರದು, ಪಿಎಚ್ 6.5ರಿಂದ 8.5ರ ನಡುವೆ ಇರಬೇಕು.

ಐದು ಎಂಬ ಅಂಕಿ ಕಂಡ ಕೂಡಲೇ 'ಮಿತಿಯ ನಾಲ್ಕು ಪಟ್ಟು ಅಮೋನಿಯಾ' ಎಂದು ಬರೆಯುವ ಆತುರ ಬೇಡ. ವರದಿಯಲ್ಲಿರುವುದು ಒಟ್ಟು ಅಮೋನಿಯಾ, ಮಿತಿ ಇರುವುದು ಮುಕ್ತ ಅಮೋನಿಯಾಕ್ಕೆ. ಮೀನಿಗೆ ಹೆಚ್ಚು ವಿಷಕಾರಿ ಮುಕ್ತ ರೂಪವೇ, ಅದರ ಪಾಲನ್ನು ನಿರ್ಧರಿಸುವುದು ಪಿಎಚ್ ಮತ್ತು ಉಷ್ಣಾಂಶ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7.2 ಇದ್ದರೆ ಒಟ್ಟು ಅಮೋನಿಯಾದ ಶೇ 1ರಷ್ಟು ಮಾತ್ರ ಮುಕ್ತವಾಗಿರುತ್ತದೆ, ಅಂದರೆ ನಮ್ಮ ಕೆರೆಯಲ್ಲಿ ಸುಮಾರು 0.05 ಮಿಲಿಗ್ರಾಂ. ಅದೇ ನೀರಿನ ಪಿಎಚ್ 8.8 ಆಗಿದ್ದರೆ ಪಾಲು ಶೇ 26ರ ಆಸುಪಾಸಿಗೆ ಏರಿ 1.3 ಮಿಲಿಗ್ರಾಂ ಆಗುತ್ತಿತ್ತು, ಮಿತಿ ದಾಟುತ್ತಿತ್ತು. ಪಾಚಿ ಬೆಳೆದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಿಎಚ್ ಹೀಗೆ ಏರುವುದು ಸಾಮಾನ್ಯ. ಆದ್ದರಿಂದ ಮಾದರಿಯನ್ನು ಎಷ್ಟು ಗಂಟೆಗೆ ತೆಗೆದರು ಎಂದು ಕೇಳದೆ ಈ ಅಂಕಿಯನ್ನು ಬಳಸುವಂತಿಲ್ಲ.

ಆಮ್ಲಜನಕದ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನು ಬಳಸುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ತೀರಾ ಇಳಿಯುವುದು ನಸುಕಿನಲ್ಲಿ. ಮಧ್ಯಾಹ್ನ ಮೂರಕ್ಕೆ 7 ಮಿಲಿಗ್ರಾಂ ಸಿಕ್ಕಿತೆಂದು 'ಆಮ್ಲಜನಕದ ಕೊರತೆ ಇರಲಿಲ್ಲ' ಎಂದು ಅಧಿಕಾರಿ ಹೇಳಿದರೆ ಅದು ಬೆಳಗಿನ ಜಾವದ ಸಾವಿಗೆ ಉತ್ತರವಾಗದು. ಇದರ ತಿರುಗುಮುರುಗು ಕೂಡ ಉಂಟು: ಮೀನು ತೇಲಿದ ಮರುದಿನ ಮಾದರಿ ತೆಗೆದಿದ್ದರೆ, ಕೊಳೆಯುತ್ತಿರುವ ಮೀನುಗಳೇ ಆಮ್ಲಜನಕವನ್ನು ನುಂಗಿ ಅಂಕಿಯನ್ನು 1.8ಕ್ಕೆ ಇಳಿಸಿರಬಹುದು. ಆಗ ಅದು ಸಾವಿನ ಕಾರಣವೋ ಪರಿಣಾಮವೋ ಹೇಳಲಾಗದು. ಮಾದರಿಯ ಬಾಟಲಿಗೆ ಕೆರೆಯ ದಡದಲ್ಲೇ ರಾಸಾಯನಿಕ ಹಾಕಿ ಆಮ್ಲಜನಕವನ್ನು ಸ್ಥಿರಗೊಳಿಸಿದರೇ, ಅಥವಾ ಉಪಕರಣದಿಂದ ಅಲ್ಲೇ ಅಳೆದರೇ ಎಂಬುದನ್ನೂ ವಿಚಾರಿಸಬೇಕು. ಎರಡೂ ಮಾಡದೆ ಪ್ರಯೋಗಾಲಯಕ್ಕೆ ಒಯ್ದ ನೀರಿನ ಅಂಕಿಗೆ ಬೆಲೆ ಕಡಿಮೆ.

ಇಲ್ಲಿ ಸತ್ತ ಮೀನುಗಳನ್ನೇ ನೋಡುವುದು ಉಪಯುಕ್ತ, ಇದಕ್ಕೆ ದುಡ್ಡೂ ಬೇಕಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್, ಕೊರವ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಕಟ್ಲಾ, ರೋಹುಗಳಿಗೆ ಆ ಅನುಕೂಲವಿಲ್ಲ. ಕಟ್ಲಾ, ರೋಹು ಸತ್ತು ಕ್ಯಾಟ್‌ಫಿಶ್ ಬದುಕಿದ್ದರೆ ಅನುಮಾನ ಆಮ್ಲಜನಕದ ಕೊರತೆಯತ್ತ ವಾಲುತ್ತದೆ. ಎಲ್ಲವೂ ಒಟ್ಟಿಗೆ ಸತ್ತಿದ್ದರೆ ವಿಷದ ಪರೀಕ್ಷೆಗೆ ಒತ್ತಾಯಿಸಲು ಕಾರಣವಿದೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಹಾಗೆಯೇ 'ಕೀಟನಾಶಕ ಪತ್ತೆಯಾಗಿಲ್ಲ' ಎಂದರೆ ಪರೀಕ್ಷಿಸಿದ ಕೀಟನಾಶಕಗಳು ಅಳೆಯಬಲ್ಲ ಮಟ್ಟದಲ್ಲಿ ಇರಲಿಲ್ಲ ಎಂದಷ್ಟೇ ಅರ್ಥ. ಯಾವುದನ್ನೆಲ್ಲ ಪರೀಕ್ಷಿಸಿದರು ಎಂಬ ಪಟ್ಟಿ ಕೇಳಿ ಪಡೆಯಿರಿ.

ಹೊಣೆ ಯಾರದ್ದು ಎಂದು ಹೇಳಬೇಕಾದರೆ ಕೆರೆಯ ನಡುವಿನ ಒಂದು ಬಾಟಲಿ ನೀರು ಸಾಲದು. ಕೆರೆಗೆ ಸೇರುವ ಪ್ರತಿ ರಾಜಕಾಲುವೆಯ ಬಾಯಿಯಲ್ಲಿ, ಶಂಕಿತ ಕೊಳವೆ ಬಂದು ಸೇರುವ ಜಾಗಕ್ಕಿಂತ ಹರಿವಿನ ಮೇಲೆ ಮತ್ತು ಕೆಳಗೆ, ಕೋಡಿಯಲ್ಲಿ ಮಾದರಿ ತೆಗೆದಿರಬೇಕು. ಕೊಳವೆ ಸೇರುವ ಮೊದಲೇ ನೀರು ಕೆಟ್ಟಿದ್ದರೆ ಕಾರ್ಖಾನೆಯೊಂದನ್ನೇ ದೂರುವ ಶೀರ್ಷಿಕೆ ನಿಲ್ಲುವುದಿಲ್ಲ. ಹೆಸರು ಬರೆದು ಕೊನೆಗೆ 'ಎನ್ನಲಾಗಿದೆ' ಸೇರಿಸಿದರೆ ಬಚಾವಾದೆವು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಓದುಗನ ನೆನಪಿನಲ್ಲಿ ಉಳಿಯುವುದು ಹೆಸರು ಮಾತ್ರ.

ಇಷ್ಟು ಎಚ್ಚರವೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದಲ್ಲ. ನಮ್ಮ ಉದಾಹರಣೆಯಲ್ಲಿ ಮೊದಲ ದಿನವೇ ಹೀಗೆ ಬರೆಯಬಹುದು: 'ಮೀನುಗಳು ತೇಲಿದ ದಿನ ಬೆಳಿಗ್ಗೆ 11ಕ್ಕೆ ಕೆರೆಯ ನಡುವಿನಿಂದ ತೆಗೆದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರ್‌ಗೆ 1.8 ಮಿಲಿಗ್ರಾಂ ಇತ್ತು; ಮೀನುಗಾರಿಕೆಗೆ ಕನಿಷ್ಠ 4 ಮಿಲಿಗ್ರಾಂ ಬೇಕು. ಆಮ್ಲಜನಕ ಇಳಿಯಲು ಕಾರಣ ಇನ್ನೂ ಖಚಿತವಾಗಿಲ್ಲ.' ಕೊಳಚೆಯ ಹೊರೆಯನ್ನು ತೋರಿಸುವ ಬಿಒಡಿ ಪರೀಕ್ಷೆಗೆ ನಮ್ಮಲ್ಲಿ ಮಾದರಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಅದರ ಫಲಿತಾಂಶ ಮರುದಿನವೇ ಕೈಗೆ ಬಂತೆಂದು ಯಾರಾದರೂ ಹೇಳಿದರೆ, ಯಾವ ಹಳೆಯ ಮಾದರಿಯದು ಎಂದು ಕೇಳಿ.