ವಾರಕ್ಕೆ ಆರು ಮಾತ್ರೆ ಎಂದರೆ ಹೇಗೆ?

ಮೆಥೊಟ್ರೆಕ್ಸೇಟ್ ಮಾತ್ರೆಯ ಜೊತೆ ರೋಗಿಗಳಿಗೆ ಕೊಡುವ ಕರಪತ್ರದ ಕನ್ನಡ ಅನುವಾದ ತಿದ್ದಲು ಬಂದರೆ ನಾನು ಮೊದಲ ಪುಟದಿಂದ ಓದುವುದಿಲ್ಲ. ನೇರವಾಗಿ 'ಹೇಗೆ ತೆಗೆದುಕೊಳ್ಳಬೇಕು' ಎಂಬ ಭಾಗಕ್ಕೆ ಹೋಗುತ್ತೇನೆ. ಉಳಿದ ಕಡೆ ಭಾಷೆ ಒರಟಾಗಿದ್ದರೆ ಓದುಗರಿಗೆ ಬೇಸರ ಆಗಬಹುದು, ಅಷ್ಟೇ. ಇಲ್ಲಿ ಒಂದು ವಾಕ್ಯ ಜಾರಿದರೆ ಜೀವಕ್ಕೇ ಕುತ್ತು.

ಕಾರಣ ಈ ಔಷಧಿಯ ಸ್ವಭಾವದಲ್ಲಿದೆ. ರುಮಟಾಯ್ಡ್ ಸಂಧಿವಾತಕ್ಕೆ ಇದನ್ನು ದಿನಾ ತೆಗೆದುಕೊಳ್ಳುವುದಿಲ್ಲ. ವಾರದಲ್ಲಿ ಒಂದೇ ದಿನ, ಅದೂ ಪ್ರತಿ ವಾರ ಅದೇ ದಿನ. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆಗಳನ್ನೆಲ್ಲ ದಿನಾ ನುಂಗಿ ರೂಢಿಯಾದ ಮನೆಗಳಿಗೆ ಇದು ಹೊಸದು. ತಪ್ಪಿ ದಿನಾ ನುಂಗಿದ ಪ್ರಕರಣಗಳು ಜಗತ್ತಿನ ಹಲವು ಕಡೆ ಆಗಿವೆ, ಸಾವುಗಳೂ ಆಗಿವೆ. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಈ ಒಂದು ತಪ್ಪನ್ನು ತಡೆಯಲೆಂದೇ ಹೊಸ ಎಚ್ಚರಿಕೆಗಳನ್ನು ತಂದಿತು.

ಇತ್ತೀಚೆಗೆ ಹುಬ್ಬಳ್ಳಿಯ ರೋಗಿಗಳಿಗಾಗಿ ತಯಾರಾದ ಒಂದು ಅನುವಾದದಲ್ಲಿ ಈ ವಾಕ್ಯವಿತ್ತು: 'ವಾರಕ್ಕೆ 15 ಮಿ.ಗ್ರಾಂ., ಅಂದರೆ 2.5 ಮಿ.ಗ್ರಾಂ.ನ 6 ಮಾತ್ರೆಗಳನ್ನು ತೆಗೆದುಕೊಳ್ಳಿ.' ಲೆಕ್ಕ ಸರಿ, ವ್ಯಾಕರಣ ಸರಿ, ಕನ್ನಡವೂ ಸಲೀಸಾಗಿದೆ. ಇಂಗ್ಲಿಷ್ ಮೂಲದಲ್ಲಿ 'ವಾರಕ್ಕೆ ಒಂದು ಸಲ, ಒಂದೇ ದಿನ' ಎಂದಿತ್ತು. ಅನುವಾದಕರಿಗೆ ಅದು ಹೇಳಿದ್ದನ್ನೇ ಹೇಳಿದಂತೆ ಕಂಡಿರಬೇಕು. 'ವಾರಕ್ಕೆ' ಎಂದ ಮೇಲೆ ಮತ್ತೆ ಯಾಕೆ ಎಂದು ಬಿಟ್ಟಿದ್ದಾರೆ.

ಕುಂದಗೋಳ ಕಡೆಯ ಒಬ್ಬ ಅಜ್ಜಿಯ ಸೊಸೆಗೆ ಈ ವಾಕ್ಯ ಓದಲು ಕೊಟ್ಟೆವು. ಏಳು ದಿನಕ್ಕೆ ಏಳು ಖಾನೆ ಇರುವ ಡಬ್ಬಿ ಮುಂದಿಟ್ಟು, ಖಾಲಿ ಸಕ್ಕರೆ ಗುಳಿಗೆಗಳನ್ನು ಕೊಟ್ಟು, 'ಇದರಾಗ ಬರದಂಗ ಹಾಕಿ ತೋರಸ್ರಿ ಅಕ್ಕಾರ' ಎಂದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಸೋಮವಾರದಿಂದ ಶನಿವಾರದ ತನಕ ಒಂದೊಂದು ಹಾಕಿದರು. 'ದಿನಾ ಒಂದ್ರೀ. ರವಿವಾರ ಸೂಟಿ' ಎಂದರು. ಅವರು ಓದಿದ್ದರಲ್ಲಿ ತಪ್ಪೇನೂ ಇಲ್ಲ. ವಾಕ್ಯ ಹಾಗೆ ಓದಲು ಬಿಟ್ಟಿತ್ತು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಆರು ದಿನ 2.5 ಮಿ.ಗ್ರಾಂ. ನುಂಗಿದರೂ ವಾರದ ಮೊತ್ತ 15 ಮಿ.ಗ್ರಾಂ. ತಾನೇ? ಹಾಗಾದರೆ ತೊಂದರೆ ಏನು? ಈ ಔಷಧಿ ಜೀವಕೋಶಗಳು ಫೋಲೇಟ್ ಎಂಬ ವಿಟಮಿನ್ ಬಳಸಿಕೊಳ್ಳುವ ದಾರಿಗೆ ಅಡ್ಡ ಬರುತ್ತದೆ. ಬೇಗ ಬೇಗ ಹುಟ್ಟುವ ಜೀವಕೋಶಗಳಿಗೆ, ಅಂದರೆ ಎಲುಬಿನ ಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರಕ್ಕೆ, ಮೊದಲ ಪೆಟ್ಟು. ವಾರಕ್ಕೆ ಒಂದೇ ದಿನ ತೆಗೆದುಕೊಂಡರೆ ಉಳಿದ ದಿನಗಳಲ್ಲಿ ಅವು ಚೇತರಿಸಿಕೊಳ್ಳುತ್ತವೆ. ದಿನಾ ಸ್ವಲ್ಪ ಸ್ವಲ್ಪ ಹೋದರೆ ಆ ಬಿಡುವು ಸಿಗುವುದಿಲ್ಲ. ಒಟ್ಟು ಎಷ್ಟು ಹೋಯಿತು ಎನ್ನುವುದಕ್ಕಿಂತ ಎಷ್ಟು ದಿನ ಬಿಡದೆ ಹೋಯಿತು ಎನ್ನುವುದೇ ಇಲ್ಲಿ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ತಿಂಗಳ ಕೊನೆಗೆ ಮಾತ್ರೆ ಎಣಿಸಿದರೂ ತಪ್ಪು ಸಿಕ್ಕಿಬೀಳುವುದಿಲ್ಲ. ಎಣಿಕೆ ಸರಿಯಾಗಿಯೇ ಇರುತ್ತದೆ.

ಅನುವಾದ ಪರಿಶೀಲಿಸುವವರು ಸಾಮಾನ್ಯವಾಗಿ ಮಾಡುವುದು ಮರು ಅನುವಾದ. ಕನ್ನಡವನ್ನು ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ತರಿಸಿ, ಮೂಲದ ಪಕ್ಕ ಇಟ್ಟು ನೋಡುವುದು. ಅಂಕಿ ತಪ್ಪಿದ್ದರೆ, 'ಬೇಡ' ಎಂಬುದು ಬಿಟ್ಟುಹೋಗಿದ್ದರೆ ಇದರಲ್ಲಿ ಸಿಗುತ್ತದೆ. ಆದರೆ ನಮ್ಮ ವಾಕ್ಯ ಮರು ಅನುವಾದದಲ್ಲಿ ಆರಾಮಾಗಿ ಪಾಸಾಗಿತ್ತು. ಮರು ಅನುವಾದ ಮಾಡಿದವರಿಗೆ ಔಷಧಿಯ ವಿಷಯ ಗೊತ್ತು. ಅವರು 'ವಾರಕ್ಕೆ ಆರು' ಎಂಬುದನ್ನು ಸರಿಯಾದ ಅರ್ಥದಲ್ಲೇ ಓದಿಕೊಂಡಿದ್ದರು. ಎರಡು ಅರ್ಥ ಬರುವ ವಾಕ್ಯ ಹೀಗೇ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಡೋಸಿನ ವಾಕ್ಯಗಳನ್ನು ಓದಿಸಿ ಸುಮ್ನೆ 'ಅರ್ಥ ಆಯ್ತಾ?' ಎಂದು ಕೇಳಬಾರದು. ಎಲ್ಲರೂ ಹೂಂ ಅನ್ನುತ್ತಾರೆ. ಮಾಡಿ ತೋರಿಸಿ ಅನ್ನಬೇಕು.

ಕೊನೆಗೆ ನಾವು ಒಪ್ಪಿದ ರೂಪ ಹೀಗಿದೆ: 'ಈ ಮಾತ್ರೆಯನ್ನು ದಿನಾ ತೆಗೆದುಕೊಳ್ಳಬೇಡಿ. ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಿ. ನಿಮ್ಮ ದಿನ: ____. ಆ ದಿನ 2.5 ಮಿ.ಗ್ರಾಂ.ನ ____ ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಉಳಿದ ಆರು ದಿನ ಈ ಮಾತ್ರೆ ಬೇಡ.' ಹೇಳಿದ್ದನ್ನೇ ಮತ್ತೆ ಹೇಳಿದಂತಿದೆ, ಅಲ್ವಾ? ಬೇಕೆಂದೇ ಹಾಗೆ ಮಾಡಿದ್ದು. 'ವಾರಕ್ಕೊಮ್ಮೆ' ಎಂಬ ಪದ ಅರ್ಥದಲ್ಲಿ ಸರಿ. ಆದರೆ ಸಣ್ಣ ಅಕ್ಷರದಲ್ಲಿ, ಕನ್ನಡಕ ಇಲ್ಲದೆ, ಅದಕ್ಕೂ 'ದಿನಕ್ಕೊಮ್ಮೆ'ಗೂ ಜಾಸ್ತಿ ಅಂತರ ಕಾಣುವುದಿಲ್ಲ. ಬಾಲ ಒಂದೇ, ಕಣ್ಣು ರೂಢಿಯದನ್ನೇ ಓದಿಬಿಡುತ್ತದೆ.

ಮಿ.ಗ್ರಾಂ. ಮತ್ತು ಮಾತ್ರೆಯ ಎಣಿಕೆ ಎರಡೂ ಬೇಕು. ಇದೇ ಔಷಧಿ ನಮ್ಮಲ್ಲಿ 2.5, 5, 7.5, 10 ಮಿ.ಗ್ರಾಂ. ಮಾತ್ರೆಗಳಾಗಿ ಸಿಗುತ್ತದೆ. 'ಆರು ಮಾತ್ರೆ' ಎಂದಷ್ಟೇ ಬರೆದು, ಅಂಗಡಿಯವರು ಈ ಸಲ 10ರ ಪಟ್ಟಿ ಕೊಟ್ಟರೆ 15ರ ಬದಲು 60 ಮಿ.ಗ್ರಾಂ. ಹೊಟ್ಟೆಗೆ ಹೋಗುತ್ತದೆ. ಅಂಕಿಗಳನ್ನು ಕನ್ನಡದಲ್ಲಿ ಬರೆಯಬೇಕು ಎಂಬ ಒತ್ತಾಯವೂ ಬಂದಿತ್ತು. ಭಾಷಾಭಿಮಾನ ನನಗೂ ಇದೆ, ಆದರೆ ಇಲ್ಲಿ ನಾನು ಒಪ್ಪಲಿಲ್ಲ. ಪಟ್ಟಿಯ ಮೇಲೆ 2.5 ಎಂದೇ ಅಚ್ಚಾಗಿರುತ್ತದೆ. ಕಾಗದದ ಅಂಕಿಯನ್ನು ಪಟ್ಟಿಯ ಅಂಕಿಯ ಪಕ್ಕ ಹಿಡಿದು ನೋಡಲು ಬರಬೇಕು.

ಇನ್ನು ಪದಗಳ ವಿಷಯ. ಒಂದು ವಸ್ತುವಿಗೆ ಒಂದೇ ಹೆಸರು ಎಂಬುದು ಮೊದಲ ನಿಯಮ. ಈ ಅನುವಾದದಲ್ಲಿ 'ಮಾತ್ರೆ' ಮತ್ತು 'ಗುಳಿಗೆ' ಎರಡೂ ಇದ್ದವು. ಧಾರವಾಡದಲ್ಲಿ ಬಾಯಲ್ಲಿ ಬರುವುದು ಗುಳಿಗೆಯೇ. ತೊಂದರೆ ಪದದ್ದಲ್ಲ, ಬೆರಕೆಯದ್ದು. ಈ ರೋಗಿಗಳ ಹತ್ತಿರ ಸಾಮಾನ್ಯವಾಗಿ ಎರಡು ಪಟ್ಟಿ ಇರುತ್ತವೆ: ಮೆಥೊಟ್ರೆಕ್ಸೇಟ್, ಮತ್ತು ಅದರ ಅಡ್ಡ ಪರಿಣಾಮ ಕಡಿಮೆ ಮಾಡಲು ಕೊಡುವ ಫೋಲಿಕ್ ಆಸಿಡ್. ಎರಡೂ ಸಣ್ಣ ಹಳದಿ ಮಾತ್ರೆಗಳಾಗಿರುವುದು ಅಪರೂಪವಲ್ಲ. ಒಂದು ಕಡೆ 'ಮಾತ್ರೆ', ಇನ್ನೊಂದು ಕಡೆ 'ಗುಳಿಗೆ' ಎಂದರೆ ಓದುವವರು ಒಂದೊಂದು ಪಟ್ಟಿಗೆ ಒಂದೊಂದು ಹೆಸರು ಅಂಟಿಸಿಕೊಳ್ಳುತ್ತಾರೆ. ನಾವು ಎಲ್ಲ ಕಡೆ 'ಮಾತ್ರೆ' ಇಟ್ಟೆವು. 'ಈ ಮಾತ್ರೆ' ಎಂದು ಬರುವಲ್ಲೂ ಸಂಶಯ ಇದ್ದರೆ ಔಷಧಿಯ ಹೆಸರನ್ನೇ ಹಾಕಿದೆವು.

'ಪ್ರಮಾಣ' ಎಂಬ ಪದಕ್ಕೂ ಕಡಿವಾಣ ಬೇಕಾಯಿತು. ಒಂದು ಸಲಕ್ಕೆ ನುಂಗುವುದಕ್ಕೂ ಅದೇ, ಒಂದು ಮಾತ್ರೆಯಲ್ಲಿರುವ ಔಷಧಿಗೂ ಅದೇ, ರಕ್ತದಲ್ಲಿ ಬಿಳಿ ಕಣಗಳು ಎಷ್ಟಿವೆ ಎನ್ನುವುದಕ್ಕೂ ಅದೇ. 'ಪ್ರಮಾಣ ಕಡಿಮೆಯಾದರೆ ವೈದ್ಯರಿಗೆ ತಿಳಿಸಿ' ಎಂದರೆ ಯಾವುದು ಕಡಿಮೆಯಾದರೆ? ಮೊದಲನೆಯದಕ್ಕೆ 'ಡೋಸ್' ಎಂದಿಟ್ಟೆವು, ಕೊರೊನಾ ಲಸಿಕೆ ಬಂದ ಮೇಲೆ ಆ ಪದ ಗೊತ್ತಿಲ್ಲದ ಮನೆ ಇಲ್ಲ. ಉಳಿದ ಕಡೆ ಬಿಡಿಸಿ ಬರೆದೆವು.

ಆದರೆ ಏಕರೂಪ ಮಾಡುವ ಹುರುಪು ಅತಿಯಾದರೆ ಅದೂ ಅಪಾಯ. ಡೋಸ್ ಜಾಸ್ತಿಯಾದರೆ ಏನು ಮಾಡಬೇಕು ಎಂಬ ಭಾಗದಲ್ಲಿ ಮೂಲದಲ್ಲಿ 'ಫೋಲಿನಿಕ್ ಆಸಿಡ್' ಎಂದಿತ್ತು. ಅನುವಾದದಲ್ಲಿ ಅದು 'ಫೋಲಿಕ್ ಆಸಿಡ್' ಆಗಿತ್ತು. ಯಾರೋ ಅಚ್ಚಿನ ತಪ್ಪು ಎಂದುಕೊಂಡು ಎಲ್ಲ ಕಡೆ ಒಂದೇ ಮಾಡಿದ್ದಾರೆ. ಇವೆರಡೂ ಬೇರೆ ಬೇರೆ. ಜಾಸ್ತಿ ಮೆಥೊಟ್ರೆಕ್ಸೇಟ್ ಹೋದಾಗ ಆಸ್ಪತ್ರೆಯಲ್ಲಿ ಕೊಡುವುದು ಫೋಲಿನಿಕ್, ಅಂದರೆ ಲ್ಯೂಕೊವೊರಿನ್. ಮೆಥೊಟ್ರೆಕ್ಸೇಟ್ ಅಡ್ಡಗಟ್ಟಿದ ಹಂತವನ್ನು ದಾಟಿ ಅದು ಕೆಲಸ ಮಾಡುತ್ತದೆ, ಫೋಲಿಕ್‌ಗೆ ಅದು ಆಗುವುದಿಲ್ಲ. ಆ ತಪ್ಪು ವಾಕ್ಯ ಓದಿದವರು ಮನೆಯಲ್ಲಿದ್ದ ಫೋಲಿಕ್ ಮಾತ್ರೆ ನುಂಗಿ ಸುಮ್ಮನೆ ಮಲಗಬಹುದಿತ್ತು. ಕರಪತ್ರದಲ್ಲಿ ಹೆಸರೇ ಬೇಡ ಎಂದು ತೀರ್ಮಾನಿಸಿ ಹೀಗೆ ಬರೆದೆವು: 'ಜಾಸ್ತಿ ತೆಗೆದುಕೊಂಡಿದ್ದೀರಿ ಎಂದು ಗೊತ್ತಾದ ಕೂಡಲೇ ಆಸ್ಪತ್ರೆಗೆ ಹೋಗಿ. ಆರಾಮ ಇದ್ದರೂ ಹೋಗಿ. ಮಾತ್ರೆ ಪಟ್ಟಿ ಜೊತೆಗೆ ಒಯ್ಯಿರಿ.'

ಅಪಾಯದ ಲಕ್ಷಣಗಳ ಪಟ್ಟಿಯಲ್ಲಿ ನನ್ನನ್ನು ಜಾಸ್ತಿ ಹೊತ್ತು ಕೂರಿಸಿದ್ದು ಬಾಯಿಹುಣ್ಣು. ಅನುವಾದದಲ್ಲಿ ಅದು ಒಂದು ಕಡೆ 'ಬಾಯಿಯ ಲೋಳೆಪೊರೆಯ ಉರಿಯೂತ', ಇನ್ನೊಂದು ಕಡೆ 'ಬಾಯಿಹುಣ್ಣು'. ಎರಡನೆಯದನ್ನೇ ಉಳಿಸಿದೆವು. ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ನಮ್ಮ ಕಡೆ ಬಾಯಿಹುಣ್ಣು ಆದರೆ 'ಉಷ್ಣ ಆಗೇತಿ' ಎಂದು ಮಜ್ಜಿಗೆ ಕುಡಿದು, ತುಪ್ಪ ಹಚ್ಚಿ ಸುಮ್ಮನಾಗುತ್ತಾರೆ. ಈ ಔಷಧಿಯಲ್ಲಿ ಅದು ಮಜ್ಜೆಗೆ ಪೆಟ್ಟು ಬೀಳುತ್ತಿದೆ ಎಂಬುದರ ಮೊದಲ ಸುಳಿವಾಗಿರಬಹುದು. ಮೂಲದಲ್ಲಿ ಇಲ್ಲದ ಒಂದು ವಾಕ್ಯವನ್ನು ಸೇರಿಸಬೇಕೆಂದು ನಾನು ಕೇಳಿದೆ: 'ಉಷ್ಣದಿಂದ ಆಗಿದೆ ಎಂದು ಬಿಡಬೇಡಿ. ಮುಂದಿನ ಡೋಸ್ ನಿಲ್ಲಿಸಿ, ವೈದ್ಯರಿಗೆ ತೋರಿಸಿ.' ಮೂಲದಲ್ಲಿ ಇಲ್ಲದ್ದನ್ನು ಅನುವಾದ ತಿದ್ದುವವನು ತಾನಾಗಿ ಸೇರಿಸುವಂತಿಲ್ಲ. ವೈದ್ಯರು ಓದಿ ಒಪ್ಪಿ ಸಹಿ ಹಾಕಿದ ಮೇಲೆಯೇ ಅದು ಒಳಗೆ ಬಂತು. ಜ್ವರ, ಗಂಟಲು ನೋವು, ಒಣ ಕೆಮ್ಮು, ಏದುಸಿರು, ಕಾರಣವಿಲ್ಲದೆ ಮೈಮೇಲೆ ಕಂದು ಕಲೆ ಇವು ಮೂಲದಲ್ಲೇ ಇದ್ದವು.

ದಿನ ಆರಿಸುವುದರಲ್ಲೂ ಊರಿನ ರೂಢಿ ಬಂತು. ಇಂಗ್ಲಿಷಿನಲ್ಲಿ ಮಂಡೇ ಎಂದರೆ ಮೆಥೊಟ್ರೆಕ್ಸೇಟ್, ಫ್ರೈಡೇ ಎಂದರೆ ಫೋಲಿಕ್ ಎಂದು ಮೊದಲಕ್ಷರ ಹಿಡಿದು ನೆನಪಿಡಿಸುತ್ತಾರೆ. ಕನ್ನಡದಲ್ಲಿ ಸೋಮವಾರ, ಶುಕ್ರವಾರ ಎಂದಾಗ ಆ ನೆನಪಿನ ದಾರ ಹರಿಯುತ್ತದೆ. ಮೇಲಾಗಿ ಸೋಮವಾರ ಒಪ್ಪತ್ತು ಮಾಡುವವರು ಇಲ್ಲಿ ಬಹಳ. ಈ ಮಾತ್ರೆಯಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಉಪವಾಸದ ದಿನ ಅದು ಬೇಡ. ದಿನವನ್ನು ಖಾಲಿ ಬಿಟ್ಟು, ರೋಗಿಯನ್ನೇ ಕೇಳಿ ಅಂಗಡಿಯಲ್ಲಿ ಪೆನ್ನಿನಿಂದ ಬರೆಯುವಂತೆ ಮಾಡಿದೆವು. ಭಾನುವಾರ ಎಂದು ಅಚ್ಚು ಹಾಕುವುದೋ ರವಿವಾರವೋ ಎಂಬ ಜಗಳವೂ ಅಲ್ಲಿಗೆ ಮುಗಿಯಿತು.

ಮರೆತರೆ ಏನು ಮಾಡಬೇಕು ಎಂಬುದಕ್ಕೆ ಮೂಲದಲ್ಲಿದ್ದ ನಿಯಮ ಎರಡು ದಿನದ್ದು. ಅದನ್ನು ಉದಾಹರಣೆ ಕೊಟ್ಟೇ ಬರೆದೆವು: ನಿಮ್ಮ ದಿನ ಮಂಗಳವಾರ ಎಂದಿಟ್ಟುಕೊಳ್ಳಿ. ಬುಧವಾರ ಅಥವಾ ಗುರುವಾರ ನೆನಪಾದರೆ ಅಂದೇ ತೆಗೆದುಕೊಳ್ಳಿ. ಶುಕ್ರವಾರ ಅಥವಾ ಅದರ ಮೇಲೆ ನೆನಪಾದರೆ ಆ ವಾರ ಬಿಡಿ, ಮುಂದಿನ ಮಂಗಳವಾರ ಎಂದಿನಷ್ಟೇ ತೆಗೆದುಕೊಳ್ಳಿ, ಎರಡು ವಾರದ್ದು ಸೇರಿಸಬೇಡಿ.

ಹೊಸ ಕರಪತ್ರದ ಜೊತೆ ಡಬ್ಬಿ ಕೊಟ್ಟಾಗ ಓದಿದವರೆಲ್ಲ ಒಂದೇ ಖಾನೆಯಲ್ಲಿ ಆರೂ ಹಾಕಿದರು. ಒಬ್ಬರು ಮಾತ್ರ 'ಇಷ್ಟೊಂದು ಒಮ್ಮೆಲೆ ನುಂಗೂದೇನ್ರಿ?' ಎಂದು ಕೇಳಿದರು. ಅದಕ್ಕೆ 'ಒಟ್ಟಿಗೆ' ಎಂಬುದನ್ನು ದಪ್ಪ ಅಕ್ಷರಕ್ಕೆ ಬದಲಿಸಿದೆವು. ಖಾಲಿ ಜಾಗದ ಕೆಳಗೆ ತಾರೀಖು ಬರೆಯಲು ಒಂದು ಗೆರೆಯನ್ನೂ ಹಾಕಿಸಿದೆವು. ವೈದ್ಯರು ಡೋಸ್ ಏರಿಸಿದರೆ ಅಥವಾ ಅಂಗಡಿಯಲ್ಲಿ ಬೇರೆ ಮಿ.ಗ್ರಾಂ.ನ ಪಟ್ಟಿ ಬಂದರೆ ಹಳೆಯ ಕಾಗದ ಹರಿದು ಹಾಕಿ, ಹೊಸದರಲ್ಲಿ ಬರೆದು ಕೊಡಬೇಕು.