30, 45, 60 ತಾಳೆಯಾದರೆ ಸಾಕೇ?

ಪ್ರಶ್ನೆ: ನಾಲ್ಕು ಅಂಕಿಯ ಟೇಬಲ್‌ನಲ್ಲಿ ಸೈನ್ ಬೆಲೆ ಸರಿಯಾಗಿ ಓದಿದ್ದೇನೋ ಇಲ್ಲವೋ ಗೊತ್ತಾಗುವುದು ಹೇಗೆ? 30°, 45°, 60° ನೋಡಿದೆ, ಮೂರೂ ತಾಳೆಯಾದವು.

ಮತ್ತೆ ಅದೇ ಮೂರು ಕೋನ! ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದಿಲ್ಲ. 0.5000, 0.7071, 0.8660 ಸಿಕ್ಕರೆ ನಿಮಗೆ ಸಾಲು ಹುಡುಕಲು ಬರುತ್ತದೆ ಅಂತ ಅರ್ಥ, ಅಷ್ಟೇ. ಈ ಮೂರೂ ಇರುವುದು 0′ ಕಾಲಂನಲ್ಲಿ. ತಪ್ಪಾಗುವುದು ಬಲತುದಿಯ ಸರಾಸರಿ ವ್ಯತ್ಯಾಸದ ಕಾಲಂಗಳಲ್ಲಿ. ಅಲ್ಲಿಗೆ ನೀವು ಹೋಗಲೇ ಇಲ್ಲವಲ್ಲ!

ಸರಿ, 15° ಅಥವಾ 18° ನೋಡುತ್ತೇನೆ ಅಂತೀರಾ? ಅವೂ 0′ ಕಾಲಂನವೇ. 22°30′ ಕೂಡ ಉಪಯೋಗವಿಲ್ಲ. ಟೇಬಲ್‌ನಲ್ಲಿ ಆರಾರು ನಿಮಿಷಕ್ಕೊಂದು ಕಾಲಂ ಇರುವುದರಿಂದ 30′ ಕೂಡ ನೇರವಾಗಿ ಸಿಗುತ್ತದೆ. ನಿಖರ ಬೆಲೆ ಗೊತ್ತಿರಬೇಕು, ಆದರೆ ಕಾಲಂಗಳ ನಡುವೆ ಬೀಳಬೇಕು. ಅಂಥದ್ದು 11°15′. 45° ಅನ್ನು ಎರಡು ಸಲ ಅರ್ಧ ಮಾಡಿದರೆ ಬರುವ ಕೋನ:

sin 11°15′ = ½√(2 − √(2 + √2)) = 0.19509

ಈಗ ಟೇಬಲ್ ತೆಗೆಯಿರಿ. 11° ಸಾಲು, 12′ ಕಾಲಂ: 0.1942. ಇನ್ನೂ 3′ ಬೇಕು. ಅದೇ ಸಾಲಿನಲ್ಲಿ 3′ ವ್ಯತ್ಯಾಸ 9. ಇದು ಕೊನೆಯ ಅಂಕಿಯ ಸ್ಥಾನದ 9, ಅಂದರೆ 0.0009. ಕೂಡಿದರೆ 0.1951. ತಾಳೆಯಾಯಿತು ಅಲ್ವಾ?

ತಪ್ಪಿದರೂ ಉತ್ತರವೇ ಕಾರಣ ಹೇಳುತ್ತದೆ. 0.2032 ಬಂದರೆ 9 ಅನ್ನು ಒಂದು ಸ್ಥಾನ ಎಡಕ್ಕೆ ಇಟ್ಟಿದ್ದೀರಿ. 0.1933 ಬಂದರೆ ಕೂಡುವ ಬದಲು ಕಳೆದಿದ್ದೀರಿ. ಕೊಸೈನ್ ಟೇಬಲ್‌ನಲ್ಲಿ ಕಳೆಯುವ ಅಭ್ಯಾಸ ಇಲ್ಲಿಗೂ ಬರುತ್ತದೆ. ಕೋನ ಹೆಚ್ಚಿದಂತೆ ಕೊಸೈನ್ ಇಳಿಯುತ್ತದೆ, ಸೈನ್ ಏರುತ್ತದೆ.

0.1950 ಬಂದರೆ? ಬಹುಶಃ 11°18′ರ 0.1959 ಹಿಡಿದು 9 ಕಳೆದಿದ್ದೀರಿ. ಅದು ತಪ್ಪಲ್ಲ. ವ್ಯತ್ಯಾಸ ನಿಜಕ್ಕೂ 8.6ರಷ್ಟು, ಟೇಬಲ್‌ನಲ್ಲಿ ಅದನ್ನು 9 ಮಾಡಿದ್ದಾರೆ. 0.1942, 0.1959 ಕೂಡ ಹೀಗೆ ದುಂಡಾಗಿಸಿದ ಬೆಲೆಗಳೇ. ಹಾಗಾಗಿ ಕೊನೆಯ ಅಂಕಿ ಒಂದರಷ್ಟು ಆಚೀಚೆ ಆದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಕಾಲಂಗಳ ನಡುವೆ ಸೈನ್ ನೇರ ಗೆರೆಯಲ್ಲಿ ಏರುತ್ತದೆ ಅಂತ ಭಾವಿಸುವುದರಿಂದಲೂ ಸ್ವಲ್ಪ ತಪ್ಪು ಬರುತ್ತದೆ. ಆದರೆ 6′ ಅಂತರದಲ್ಲಿ ಅದು ನಾಲ್ಕನೇ ಅಂಕಿಗೆ ಮುಟ್ಟುವಷ್ಟು ದೊಡ್ಡದಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸೈನ್‌ನಿಂದ ಕೋನ ಹುಡುಕುವಾಗ 90°ಯ ಹತ್ತಿರ ಜಾಸ್ತಿ ಎಚ್ಚರ ಬೇಕು. 88°48′, 88°54′, 89° ಮೂರಕ್ಕೂ ಟೇಬಲ್‌ನಲ್ಲಿ 0.9998 ಅಂತಲೇ ಇರುತ್ತದೆ. ಅಲ್ಲಿ ನಿಮಿಷದ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಲೆಕ್ಕದಲ್ಲಿ ಅವಕಾಶವಿದ್ದರೆ ಟ್ಯಾಂಜೆಂಟ್ ಅಥವಾ ಕೊಸೈನ್ ಕಂಡುಹಿಡಿದು ಅದರಿಂದ ಕೋನ ಓದಿ.